ತಳ ತಿರುಗಿಸಿ ನೋಡಿಯೂ ಮೋಸಹೋದೆ: ‘ನಿಪ್ಪಾನ್’ ಟೀ ಸೆಟ್ ತಗೊಳ್ಳೋರು ಇದನ್ನೊಮ್ಮೆ ಓದಿ

ಹಳೇ ಪಿಂಗಾಣಿ ಕೊಳ್ಳುವಾಗ ತಳ ನೋಡಿ ತಗೊಳ್ಳಿ ಅಂತ ಎಲ್ಲರೂ ಹೇಳ್ತಾರೆ. ನಾನು ನೋಡಿದ್ದೆ. ನೋಡಿಯೂ 14,000 ರೂಪಾಯಿ ಕಳಕೊಂಡೆ. ಆ ಸೆಟ್ಟು ಈಗ ದಾವಣಗೆರೆಯ ನಮ್ಮ ಮನೆಯ ಅಟ್ಟದ ಮೇಲಿದೆ. ಮನೆಗೆ ಬಂದವರಿಗೆ ತೋರಿಸೋಕೂ ನಾಚಿಕೆ.

ಚಿತ್ರದುರ್ಗದ ಒಬ್ಬ ಹಳೇ ಸಾಮಾನಿನ ವ್ಯಾಪಾರಿ ಹೋದ ವರ್ಷ ವಾಟ್ಸಾಪಿನಲ್ಲಿ ಫೋಟೊ ಕಳಿಸಿದ್ದ. ಟೀ ಕೆಟಲು, ಹಾಲಿನ ಜಗ್ಗು, ಮುಚ್ಚಳ ಇರುವ ಸಕ್ಕರೆ ಬಟ್ಟಲು, ಆರು ಕಪ್ಪು, ಆರು ಬಸಿ, ಒಟ್ಟು ಹದಿನೈದು ಪೀಸು. ಗುಲಾಬಿ ಹೂವು, ಅಂಚಿಗೆ ಬಂಗಾರದ ಗೆರೆ. ಹಳೇ ಅಡಿಕೆ ಸಾಹುಕಾರರ ಮನೆಯದು, ನೂರು ವರ್ಷ ದಾಟಿದ ಮಾಲು ಅಂದ. ಭಾನುವಾರ ಬಸ್ಸು ಹತ್ತಿ ಹೋದೆ. ನಾನು ಒಂದೊಂದಾಗಿ ಎತ್ತಿ ಮಗುಚುತ್ತಿದ್ದರೆ ಅವನೇ ಕೈ ತೋರಿಸಿ, “ನೋಡ್ರಿ ಸರ್, ನಿಪ್ಪಾನ್ ಅಂತ ಇಂಗ್ಲಿಷಿನಾಗೇ ಬರದೈತಿ. 1921ರ ಮೇಲೆ ಈ ಪದನೇ ಬಳಸಿಲ್ಲ. ಗೊತ್ತಿದ್ದೋರನ್ನ ಬೇಕಾದ್ರೆ ಕೇಳ್ರಿ” ಅಂದ. ಆ 1921ರ ಸಂಗತಿ ನನಗೂ ಗೊತ್ತಿತ್ತು. ಅರ್ಧ ಗೊತ್ತಿದ್ದವನನ್ನು ಬಲೆಗೆ ಹಾಕೋದು ಸುಲಭ.

1921ರ ಮಾತು ಸುಳ್ಳಲ್ಲ, ಅದಕ್ಕೇ ಮೊದಲು ಅದನ್ನೇ ಬಿಡಿಸಿ ಹೇಳ್ತೀನಿ. 1890ರಲ್ಲಿ ಅಮೆರಿಕ ಒಂದು ಸುಂಕದ ಕಾನೂನು ಮಾಡಿತು. 1891ರ ಮಾರ್ಚಿನಿಂದ ಅಲ್ಲಿಗೆ ಹೋಗುವ ಸರಕಿನ ಮೇಲೆ ಅದು ತಯಾರಾದ ದೇಶದ ಹೆಸರು ಇಂಗ್ಲಿಷ್ ಅಕ್ಷರದಲ್ಲಿ ಇರಲೇಬೇಕಾಯ್ತು. ಜಪಾನಿನವರು ತಮ್ಮ ದೇಶವನ್ನು ತಾವು ಕರೆಯುವ ಹಾಗೆಯೇ ‘ನಿಪ್ಪಾನ್’ ಅಂತ ಒತ್ತಿದರು. ಮೂವತ್ತು ವರ್ಷ ಹಾಗೇ ನಡೆಯಿತು. 1921ರಲ್ಲಿ ಅಮೆರಿಕದ ಸುಂಕದವರು, ನಿಪ್ಪಾನ್ ಅನ್ನೋದು ಜಪಾನಿ ಪದ, ಇಂಗ್ಲಿಷ್ ಅಲ್ಲ, ‘ಜಪಾನ್’ ಅಂತಲೇ ಬರೀಬೇಕು ಅಂದರು. ಅಲ್ಲಿಂದ ಮುಂದೆ ಬಂದದ್ದು ‘ಜಪಾನ್’ ಅಥವಾ ‘ಮೇಡ್ ಇನ್ ಜಪಾನ್’. ಎರಡನೇ ಮಹಾಯುದ್ಧದಲ್ಲಿ ಸೋತ ಮೇಲೆ ಆ ದೇಶ ಅಮೆರಿಕದ ಸೇನೆಯ ಕೈಯಲ್ಲಿದ್ದಾಗ, 1947ರಿಂದ 1952ರವರೆಗೆ ಹೊರಗೆ ಹೋದ ಎಷ್ಟೋ ವಸ್ತುಗಳ ಮೇಲೆ ‘ಮೇಡ್ ಇನ್ ಆಕ್ಯುಪೈಡ್ ಜಪಾನ್’ ಅಂತಿದೆ. ಅದೇ ವರ್ಷಗಳಲ್ಲಿ ಬರೀ ‘ಜಪಾನ್’ ಅಂತ ಒತ್ತಿದ್ದೂ ಉಂಟು. 1952ರ ನಂತರ ಮತ್ತೆ ‘ಜಪಾನ್’, ‘ಮೇಡ್ ಇನ್ ಜಪಾನ್’.

ಈ ಲೆಕ್ಕದಲ್ಲಿ ‘ನಿಪ್ಪಾನ್’ ಅಂದರೆ 1891ರಿಂದ 1921ರ ಮಾಲು. ನಾನು ಇಷ್ಟಕ್ಕೇ ನಿಂತೆ. ಅಂಗಡಿಯ ಟ್ಯೂಬ್‌ಲೈಟಿನ ಬೆಳಕಿನಲ್ಲಿ ಹದಿನೈದು ಪೀಸಿನ ತಳದಲ್ಲೂ ಆ ಪದ ಹುಡುಕಿದೆ, ಹದಿನೈದರಲ್ಲೂ ಸಿಕ್ಕಿತು, ದುಡ್ಡು ಎಣಿಸಿ ಕೊಟ್ಟೆ. ಆ ಪದದ ಅಕ್ಕಪಕ್ಕ ಇನ್ನೇನಿದೆ ಅಂತ ನೋಡಲಿಲ್ಲ.

ಮಾರನೇ ದಿನ ಬೆಳಿಗ್ಗೆ ಕಿಟಕಿ ಹತ್ತಿರ ಕೂತು ಭೂತಗನ್ನಡಿ ಹಿಡಿದಾಗ ಹೊಟ್ಟೆ ತಣ್ಣಗಾಯ್ತು. ಕಪ್ಪು, ಬಸಿಗಳ ತಳದಲ್ಲಿ ಎಲೆಗಳ ಮಾಲೆ, ಅದರ ನಡುವೆ ‘ಎನ್’ ಅಕ್ಷರ, ಮೇಲೆ ‘ನೊರಿಟಾಕೆ’, ಕೆಳಗೆ ಸಣ್ಣದಾಗಿ ‘ನಿಪ್ಪಾನ್ ಟೊಕಿ ಕೈಶಾ’, ಅದರ ಕೆಳಗೆ ‘ಜಪಾನ್’. ಟೊಕಿ ಅಂದರೆ ಪಿಂಗಾಣಿ, ಕೈಶಾ ಅಂದರೆ ಕಂಪನಿ. ಅಂದರೆ ಇದು ಕಂಪನಿಯ ಹೆಸರು! 1904ರಲ್ಲಿ ಶುರುವಾದ ಈ ಕಂಪನಿ 1981ರಲ್ಲಿ ನೊರಿಟಾಕೆ ಅಂತ ಹೆಸರು ಬದಲಿಸುವವರೆಗೂ ‘ನಿಪ್ಪಾನ್ ಟೊಕಿ’ ಆಗಿಯೇ ಇತ್ತು. ದೇಶದ ಹೆಸರು ಕೊನೆಯ ಸಾಲಿನಲ್ಲಿ ‘ಜಪಾನ್’ ಅಂತ ಬೇರೆಯಾಗಿ ಇದ್ದೇ ಇದೆ. ನಮ್ಮಲ್ಲಿ ‘ಮೈಸೂರು ಸಿಲ್ಕ್ಸ್’ ಅಂತ ಬೋರ್ಡು ಹಾಕಿಕೊಂಡ ಅಂಗಡಿ ದಾವಣಗೆರೆಯಲ್ಲಿ ಇದ್ದರೆ, ಅದು ಮೈಸೂರಿನಲ್ಲಿದೆ ಅಂತ ಯಾರಾದರೂ ಬಸ್ಸು ಹತ್ತುತ್ತಾರಾ? ನಾನು ಹತ್ತಿದ್ದೆ.

ನಡುವಿನ ಆ ಅಕ್ಷರವೂ ಮುಖ್ಯ. ಮೊದಲಿನ ಮುದ್ರೆಗಳಲ್ಲಿ ಮಾಲೆಯ ಒಳಗೆ ‘ಎಂ’ ಇರುತ್ತಿತ್ತು, ಮೊರಿಮುರಾ ಅನ್ನುವ ವ್ಯಾಪಾರಿ ಮನೆತನದ ಗುರುತು ಅದು. ‘ಎನ್’ ಬಂದದ್ದು 1953ರಿಂದ. ಹಾಗಾಗಿ ನನ್ನ ಹನ್ನೆರಡು ಕಪ್ಪು ಬಸಿ ನಿಜವಾದ ಜಪಾನಿ ಮಾಲೇ, ತೆಳ್ಳಗೆ ಚೆನ್ನಾಗಿಯೂ ಇವೆ. ಆದರೆ ವ್ಯಾಪಾರಿ ಹೇಳಿದ ನೂರು ವರ್ಷ ಅವಕ್ಕಾಗಿಲ್ಲ. ಎಷ್ಟೇ ಹಳೆಯದಾದರೂ 1953ರಿಂದ ಈಚಿನವು.

ಕೆಟಲು, ಜಗ್ಗು, ಬಟ್ಟಲಿನ ಕಥೆ ಬೇರೆ, ಇದಕ್ಕಿಂತ ಕೆಟ್ಟದ್ದು. ಈ ಮೂರರ ತಳದಲ್ಲಿ ಕಂಪನಿ ಹೆಸರಿಲ್ಲ. ಹಸಿರು ಮಾಲೆ, ಮೇಲೆ ಕಮಾನಿನ ಹಾಗೆ ‘ಹ್ಯಾಂಡ್ ಪೇಂಟೆಡ್’, ಕೆಳಗೆ ‘ನಿಪ್ಪಾನ್’. ಅಸಲಿ ಹಳೇ ಮುದ್ರೆ ಇರುವುದೂ ಹೀಗೇ. ಆದರೆ ಅಸಲಿಯಲ್ಲಿ ಮಾಲೆಯ ಎರಡು ಕವಲೂ ಕೆಳಗೆ ಕೂಡಿ ಬಾಯಿ ಮೇಲಕ್ಕೆ ತೆರೆದಿರುತ್ತದೆ, ಒಳಗೆ ‘ಎಂ’ ಇರುತ್ತದೆ. ನನ್ನದರಲ್ಲಿ ಮಾಲೆ ತಲೆಕೆಳಗಾಗಿತ್ತು. ಒಳಗಿದ್ದದ್ದು ‘ಎಂ’ ಅಲ್ಲವೇ ಅಲ್ಲ, ನಡು ಸಣ್ಣಗಾದ ಬುಡುಬುಡಿಕೆ ಆಕಾರ. ಅಂಗಡಿಯಲ್ಲಿ ಅದನ್ನು ಮಾಸಿದ ‘ಎಂ’ ಅಂದುಕೊಂಡು ದಾಟಿಸಿಬಿಟ್ಟಿದ್ದೆ. ಈ ಬುಡುಬುಡಿಕೆ ಗುರುತು ‘ನಿಪ್ಪಾನ್’ ನಕಲಿಗಳಲ್ಲಿ ಬಹಳ ಹೆಸರಾದದ್ದಂತೆ. ಸಂಗ್ರಹ ಮಾಡುವವರು ಇದನ್ನು ಕಂಡ ತಕ್ಷಣ ಕೆಳಗಿಡುತ್ತಾರೆ. ಆದರೆ ಮಾಲೆ ನೆಟ್ಟಗಿದೆ, ‘ಎಂ’ ಇದೆ ಅಂದ ಮಾತ್ರಕ್ಕೆ ನಂಬಬೇಡಿ. ಆಮೇಲಿನ ನಕಲಿಗಳಲ್ಲಿ ಅದನ್ನೂ ಸರಿಮಾಡಿಕೊಂಡಿದ್ದಾರೆ.

ಕೆಟಲಿನ ತಳದಲ್ಲಿ ಇನ್ನೊಂದು ಸಿಕ್ಕಿತು. ಮುದ್ರೆಯಿಂದ ಒಂದು ಬೆರಳು ಆಚೆ, ಅಂಚೆ ಚೀಟಿಗಿಂತ ಸಣ್ಣ ಚೌಕದಲ್ಲಿ ಧೂಳು ಅಂಟಿತ್ತು. ಹೆಬ್ಬೆರಳು ಒತ್ತಿದರೆ ಅಂಟಂಟು. ಹೊಸ ನಕಲಿ ಮಾಲಿಗೆ ನಿಜವಾಗಿ ತಯಾರಾದ ದೇಶದ ಹೆಸರನ್ನು ಕಾಗದದ ಚೀಟಿಯಲ್ಲಿ ಅಂಟಿಸಿ ಕಳಿಸುತ್ತಾರೆ. ಕಾನೂನಿಗೆ ಅಷ್ಟು ಸಾಕು. ನಡುವೆ ಯಾರೋ ಉಗುರಿನಿಂದ ಕೆರೆದು ತೆಗೆದರೆ ಉಳಿಯುವುದು ಸುಳ್ಳು ಮುದ್ರೆ ಒಂದೇ.

ಅತ್ತಿಗೆ ನೋಡಿ, “ಉಗುರು ಬಣ್ಣ ಅಳಿಸೋ ರಿಮೂವರ್ ಐತಲ್ಲ, ಹಚ್ಚಿ ನೋಡು ಮಾರಾಯ” ಅಂದರು. ಹತ್ತಿಗೆ ಎರಡು ಹನಿ ಹಾಕಿ ಸಕ್ಕರೆ ಬಟ್ಟಲಿನ ಮುದ್ರೆ ಮೇಲೆ ಉಜ್ಜಿದೆ. ಹತ್ತು ಎಣಿಸುವಷ್ಟರಲ್ಲಿ ಹತ್ತಿ ಹಸಿರಾಯ್ತು, ‘ನಿಪ್ಪಾನ್’ ಅರ್ಧ ಹೋಯ್ತು. ಬಸಿಯ ಮುದ್ರೆಗೆ ಉಜ್ಜಿದರೆ ಕೂದಲೆಳೆಯಷ್ಟೂ ಕದಲಲಿಲ್ಲ. ಕಾರಣ ಸರಳ. ಕಾರ್ಖಾನೆಯಲ್ಲಿ ಒತ್ತಿದ ಮುದ್ರೆ ಹೊಳಪಿನ ಪದರದ ಕೆಳಗಿರಲಿ, ಮೇಲಿರಲಿ, ಭಟ್ಟಿಯಲ್ಲಿ ಬೆಂದಿರುತ್ತದೆ. ಬೆಂದ ಬಣ್ಣ ರಿಮೂವರಿಗೆ ಬಿಡೋದಿಲ್ಲ. ಆಮೇಲೆ ತಣ್ಣಗೆ ಒತ್ತಿದ ಬಣ್ಣ ಬಿಡುತ್ತದೆ. ಆದರೆ ಈ ಪರೀಕ್ಷೆ ಒಂದು ಕಡೆಗೆ ಮಾತ್ರ ಸಾಕ್ಷಿ ಹೇಳುತ್ತದೆ. ಮುದ್ರೆ ಅಳಿದರೆ ಅದು ಆಮೇಲೆ ಒತ್ತಿದ್ದು. ಅಳಿಯದಿದ್ದರೆ ಅಸಲಿ ಅಂತ ಅಲ್ಲ, ಸುಳ್ಳು ಮುದ್ರೆಯನ್ನೂ ಭಟ್ಟಿಯಲ್ಲಿ ಬೇಯಿಸಬಹುದು. ಮಾರುವವರನ್ನು ಕೇಳಿಯೇ ಮಾಡಿ, ತಳದ ಮುದ್ರೆಗೆ ಮಾತ್ರ ಹಚ್ಚಿ. ಚಿತ್ರದ ಮೇಲೆ ಉಜ್ಜಬೇಡಿ, ಬೇಯಿಸದೆ ಬರೆದ ಹೂವಿದ್ದರೆ ಹೂವೂ ಎದ್ದು ಬರುತ್ತದೆ.

ತಳ ನೆಲಕ್ಕೆ ತಾಗುವ ಬಳೆಯಂಥ ಅಂಚನ್ನೂ ನೋಡಿ. ಐವತ್ತು ಅರವತ್ತು ವರ್ಷ ಮೇಜಿನ ಮೇಲೆ, ಕಪಾಟಿನಲ್ಲಿ ಎಳೆದಾಡಿದ ವಸ್ತುವಿನ ಅಂಚಿನಲ್ಲಿ ಗೀರುಗಳು ಅಡ್ಡಾದಿಡ್ಡಿ ಇರುತ್ತವೆ, ಒಂದು ಕಡೆ ಸವೆದಿದ್ದರೆ ಇನ್ನೊಂದು ಕಡೆ ಹಾಗೇ ಇರುತ್ತದೆ. ನನ್ನ ಕೆಟಲಿನಲ್ಲಿ ಎಲ್ಲ ಗೀರೂ ಒಂದೇ ದಿಕ್ಕಿಗೆ, ಮರಳು ಕಾಗದದಲ್ಲಿ ಉಜ್ಜಿದ ಹಾಗೆ.

ಇದನ್ನೆಲ್ಲ ಓದಿ, ಮನೆಯ ಹಳೇ ತಟ್ಟೆ ಮಗುಚಿ ಏನೂ ಬರೆದಿಲ್ಲ ಅಂತ ಕಂಡು ‘ಹಾಗಾದ್ರೆ ಇದು 1891ಕ್ಕಿಂತ ಹಿಂದಿನದು’ ಅಂತ ಕುಣಿಯಬೇಡಿ. ಆ ನಿಯಮ ಅಮೆರಿಕಕ್ಕೆ ಹೋಗುವ ಸರಕಿಗೆ ಮಾಡಿದ್ದು. ಅದರಲ್ಲೂ ಸೆಟ್ಟಿನ ಎಲ್ಲ ಪೀಸಿಗೂ ಮುದ್ರೆ ಬಿದ್ದಿರುತ್ತಿರಲಿಲ್ಲ. ಹೆಸರು ಇಲ್ಲದಿರುವುದು ವಯಸ್ಸಿಗೆ ಸಾಕ್ಷಿಯಲ್ಲ. ನಮ್ಮ ಪಕ್ಕದ ಮನೆಯವರ ಹೂದಾನಿಯ ತಳದಲ್ಲಿ ‘ವೆಸ್ಟ್ ಜರ್ಮನಿ’ ಅಂತಿದೆ, ಅಂಥದ್ದು ಸಿಕ್ಕರೆ ಕೆಲಸ ಸಲೀಸು. ಆ ದೇಶ ಇದ್ದದ್ದೇ 1949ರಿಂದ 1990ರವರೆಗೆ. ಆದರೆ ಅವರ ಯಜಮಾನರು ಅದು ತಾತನ ಮದುವೆಗೆ ಬಂದ ಉಡುಗೊರೆ ಅಂತಲೇ ಹೇಳ್ತಾ ಬಂದಿದ್ದಾರೆ, ನಾನು ಬಾಯಿ ಬಿಟ್ಟಿಲ್ಲ.

ಕೆಟಲು ಹಿಡಕೊಂಡು ಚಿತ್ರದುರ್ಗಕ್ಕೆ ಮತ್ತೆ ಹೋದೆ. “ನಾನೆಲ್ಲಿ ನೂರು ವರ್ಷ ಅಂತ ಬರಕೊಟ್ಟೀನ್ರಿ?” ಅಂದ. ಚೀಟಿ ತೆಗೆದು ನೋಡಿದರೆ ‘ಹಳೇ ಪಿಂಗಾಣಿ ಸೆಟ್, 15’ ಅಂತಷ್ಟೇ ಇತ್ತು. ವಾದ ಮಾಡಿ ಮಾಡಿ 2,000 ವಾಪಸ್ ಇಸಕೊಂಡೆ. ಅವನು ಬಾಯಲ್ಲಿ ಹೇಳಿದ್ದನ್ನು, ದೇಶ ಮತ್ತು ಕಾಲ ಎರಡನ್ನೂ, ದುಡ್ಡು ಕೊಡುವ ಮೊದಲೇ ಆ ಚೀಟಿಯಲ್ಲಿ ಬರೆಸಿಕೊಂಡಿದ್ದರೆ ಇನ್ನೂ ಜಾಸ್ತಿ ಬರುತ್ತಿತ್ತೋ ಏನೋ. ಕಡೇ ಪಕ್ಷ ಬರೆಯೋಕೆ ಹಿಂದೆಮುಂದೆ ನೋಡಿದಾಗಲೇ ಗೊತ್ತಾಗುತ್ತಿತ್ತು.

ಹೋದ ವಾರ ಅದೇ ನಂಬರಿನಿಂದ ಮತ್ತೊಂದು ಫೋಟೊ ಬಂತು. ಛತ್ರಿ ಹಿಡಿದ ಪುಟ್ಟ ಪಿಂಗಾಣಿ ಗೊಂಬೆ, 4,000 ರೂಪಾಯಿ. ಕೆಳಗೆ ಬರೆದಿದ್ದ: ‘ಆಕ್ಯುಪೈಡ್ ಜಪಾನ್, 1935ರ ಮಾಲು ಸರ್, ನಿಮಗಂತ ತೆಗೆದಿಟ್ಟೀನಿ.’ 1935ರಲ್ಲಿ ಜಪಾನನ್ನು ಯಾರೂ ಹಿಡಿದುಕೊಂಡಿರಲಿಲ್ಲ. ತಳದ ಫೋಟೊ ಕಳಿಸಪ್ಪ, ಬೆಳಕಿನಲ್ಲಿ ತೆಗೆದು ಕಳಿಸು ಅಂತ ಬರೆದೆ. ಎರಡು ನೀಲಿ ಟಿಕ್ಕು ಬಿದ್ದಿವೆ, ಫೋಟೊ ಇನ್ನೂ ಬಂದಿಲ್ಲ.