ಗೊತ್ತಿಲ್ಲದ ಪದ ಬಂದ್ರೆ ಸಂದರ್ಭ ನೋಡೋದಾ, ಪದ ಒಡೆಯೋದಾ?

ಟೈಮ್ ಕಮ್ಮಿ ಇದ್ರೆ ಒಡೆಯೋದೇ ಫಾಸ್ಟ್. ‘ಅನಾವೃಷ್ಟಿಯಿಂದ ಬೆಳೆ ಹಾಳಾಯ್ತು’ ಅನ್ನೋ ಸಾಲಲ್ಲಿ ಮಳೆ ಜಾಸ್ತಿ ಆಯ್ತೋ ಬರ್ಲೇ ಇಲ್ವೋ ಅಂತ ಸಂದರ್ಭ ಹೇಳಲ್ಲ, ವೃಷ್ಟಿ ಅಂದ್ರೆ ಮಳೆ, ಪದದ ಶುರುವಲ್ಲಿ ಇಲ್ಲ ಅನ್ನೋ ‘ಅನ್’ ಇದೆ, ಮುಗೀತು.

ಆದ್ರೆ ನಂಬೋ ವಿಷಯಕ್ಕೆ ಬಂದ್ರೆ ಒಡೆಯೋದು ಕೆಲವೊಮ್ಮೆ ಕೈಕೊಡುತ್ತೆ. ‘ಅವರದು ಅನುದಾರ ಧೋರಣೆ, ಯಾರು ಕೇಳಿದ್ರೂ ಬಿಡಿಗಾಸು ಬಿಚ್ಚಲ್ಲ’ ಅಂತಿದ್ರೆ ಅನುದಾನ, ಅನುಸರಣೆ ನೆನಪಾಗಿ ‘ಅನು’ ಅಂತ ಒಡೆದ್ರೋ ಕೆಟ್ರಿ, ಅಲ್ಲಿರೋದು ಅನ್ ಮತ್ತು ಉದಾರ. ಬಿಡಿಗಾಸು ಬಿಚ್ಚಲ್ಲ ಅನ್ನೋದೇ ಜಿಪುಣತನ ಅಂತ ಸಾರ್ತಿದೆಯಲ್ಲ!

ಸೋ ಪಕ್ಕದಲ್ಲೇ ವಿವರಣೆನೋ ‘ಆದರೆ’ ಥರ ತಿರುವೋ ಇದ್ರೆ ಸಂದರ್ಭ ಹಿಡೀರಿ, ಒಂಟಿ ಸಾಲಲ್ಲಿ ಗುರುತಿರೋ ಬೇರು ಕಂಡ್ರೆ ಒಡೀರಿ. ಒಡೆದ ಅರ್ಥ ಹಾಕಿ ಸಾಲು ಇನ್ನೊಮ್ಮೆ ಓದಿ, ಕೂರ್ಲಿಲ್ಲ ಅಂದ್ರೆ ಬಿಟ್ಬಿಡಿ.