ಫೋಟೋ ನೋಡಿ ಬ್ರೆಡ್ ತರಿಸಿಕೊಂಡ ಒಂದೂವರೆ ವರ್ಷ

ಜಯನಗರದ ನಮ್ಮ ಮನೆಗೆ ವಾರಕ್ಕೆ ಎರಡು ಸಲ ಬ್ರೆಡ್ ಬರುತ್ತದೆ. ಹತ್ತಿರದ ಒಂದು ಸಣ್ಣ ಬೇಕರಿಯವರು ಬೆಳಿಗ್ಗೆ ಏಳರೊಳಗೆ ವಾಟ್ಸಾಪ್‌ನಲ್ಲಿ ಆ ದಿನದ ಫೋಟೋ ಹಾಕುತ್ತಾರೆ. ಒಂಬತ್ತರೊಳಗೆ ಬೇಕಾದ್ದು ಹೇಳಬೇಕು. ಹನ್ನೊಂದಕ್ಕೆ ಹುಡುಗ ತಂದು ಗೇಟಿಗೆ ನೇತುಹಾಕಿ ಹೋಗುತ್ತಾನೆ. ಬೇಕರಿಯ ಹೆಸರು ಬರೆಯುತ್ತಿಲ್ಲ. ಇಂಥ ಸೇವೆ ಈಗ ಬೆಂಗಳೂರಿನ ಬಹಳ ಬಡಾವಣೆಗಳಲ್ಲಿದೆ, ನಾನು ಪಟ್ಟ ಪಾಡು ಯಾರಿಗಾದರೂ ಬರಬಹುದು.

ಮೊದಲ ಆರು ತಿಂಗಳು ಬಹಳ ಖುಷಿಯಾಗಿದ್ದೆ. ಡಿಕಾಕ್ಷನ್ ಇಳಿಯುವ ಹೊತ್ತಿಗೆ ಫೋನ್ ಟಿಣ್ ಅನ್ನುತ್ತಿತ್ತು. ನಮ್ಮತ್ತೆ ಕನ್ನಡಕ ಏರಿಸಿಕೊಂಡು, "ಇವತ್ತು ಏನು ಹಾಕಿದ್ದಾಳೆ ನೋಡೇ" ಅನ್ನುತ್ತಿದ್ದರು. ಬಂದ ಬ್ರೆಡ್ಡನ್ನು ನಾನೇ ಕೊಯ್ಯುತ್ತೇನೆ. ಎರಡು ತುಂಡು ಅವತ್ತಿಗೆ, ಉಳಿದದ್ದು ಡಬ್ಬಿಯಲ್ಲಿ ಫ್ರೀಜರ್‌ಗೆ. ಬೇಕೆಂದಾಗ ಹಾಗೇ ತೆಗೆದು ಕಾವಲಿಯ ಮೇಲೆ ಸಣ್ಣ ಉರಿಯಲ್ಲಿ, ಸ್ವಲ್ಪ ಬೆಣ್ಣೆ ಹಚ್ಚಿ ಇಡುತ್ತೇನೆ. ಅತ್ತೆಗೆ ಅಂಚು ತೆಗೆದು ಕೊಡಬೇಕು, ಕಾಫಿಯಲ್ಲಿ ಅದ್ದಿಕೊಂಡು ತಿನ್ನುತ್ತಾರೆ. ಫ್ರಿಜ್ಜಿನ ಕೆಳಗಿನ ಅರೆಯಲ್ಲಿ ಮಾತ್ರ ಇಡಬೇಡಿ. ಬ್ರೆಡ್ ಗಟ್ಟಿಯಾಗುವುದು ಬರೀ ನೀರು ಆರಿ ಅಲ್ಲ, ಬೆಂದ ಪಿಷ್ಟ ಮತ್ತೆ ಬಿಗಿದುಕೊಳ್ಳುವುದರಿಂದ. ಆ ಕೆಲಸ ಫ್ರಿಜ್ಜಿನ ತಣ್ಣಗಿನಲ್ಲೇ ಎಲ್ಲಕ್ಕಿಂತ ಬೇಗ ನಡೆಯುತ್ತದೆ. ಫ್ರೀಜರ್‌ನಲ್ಲಿ ಹೆಚ್ಚುಕಡಿಮೆ ನಿಂತುಬಿಡುತ್ತದೆ. ಬಿಸಿ ಮಾಡಿದರೆ ಬಿಗಿ ಸಡಿಲಾಗಿ ಮತ್ತೆ ಮೆತ್ತಗಾಗುತ್ತದೆ.

ಕಳೆದ ಜುಲೈನಲ್ಲಿ ಬೇಸರ ಶುರುವಾಯಿತು. ಒಂದು ಬುಧವಾರ, ಯೀಸ್ಟ್ ಬದಲು ಹುಳಿಹಿಟ್ಟು ಹಾಕಿ ಉಬ್ಬಿಸುವ ಸೋರ್‌ಡೋ ಫೋಟೋ ಬಂತು. ಹೊಂಬಣ್ಣದ ಸಿಪ್ಪೆ, ನೋಡಿದರೆ ಆಸೆಯಾಗುವಂತಿತ್ತು. ತರಿಸಿದೆ. ಕೈಗೆ ಬಂದದ್ದು ಮಂಕು ಬಣ್ಣದ, ತೊಗಲಿನಂತೆ ಜಗ್ಗುವ ಸಿಪ್ಪೆಯ ಬ್ರೆಡ್. ಹೊರಗೇ ಇಟ್ಟಿದ್ದ ಅರ್ಧಕ್ಕೆ ಶುಕ್ರವಾರ ಬೆಳಿಗ್ಗೆ ತಳದಲ್ಲಿ ಹಸಿರು ಬೂಷ್ಟು. ಬೂಷ್ಟಿನ ಎಳೆಗಳು ಕಣ್ಣಿಗೆ ಕಾಣದೆ ಮೆತ್ತಗಿನ ತಿರುಳಿನೊಳಗೆ ಹಬ್ಬಿರುತ್ತವೆ. ಅಷ್ಟು ಭಾಗ ಮಾತ್ರ ಕಿತ್ತು ತಿನ್ನುವಂತಿಲ್ಲ, ಪೂರ್ತಿ ಎಸೆದೆ. ನೂರಾ ಎಂಬತ್ತು ರೂಪಾಯಿ. ನಮಗದು ಸಣ್ಣ ಮೊತ್ತವಲ್ಲ.

ಎಸೆದ ಮೇಲೆ ಅದೇ ಫೋಟೋವನ್ನು ದೊಡ್ಡದು ಮಾಡಿ ಕೂತು ನೋಡಿದೆ. ಎಲ್ಲವೂ ಅದರಲ್ಲೇ ಇತ್ತು, ನಾನು ನೋಡಿರಲಿಲ್ಲ ಅಷ್ಟೇ.

ಮೊದಲು ಬಣ್ಣ. ಬ್ರೆಡ್ಡಿನ ಕೆಳಗೆ ಬೆಣ್ಣೆ ಕಾಗದ ಹಾಸಿದ್ದರು. ಬೆಳ್ಳಗಿರಬೇಕಾದ ಆ ಕಾಗದ ಫೋಟೋದಲ್ಲಿ ಹಳದಿಯಾಗಿತ್ತು. ಅಂದರೆ ಹಳದಿ ಬಲ್ಬಿನ ಕೆಳಗೆ ತೆಗೆದ ಫೋಟೋ. ಸಿಪ್ಪೆಯ ಹೊಂಬಣ್ಣ ಒಲೆಯದಲ್ಲ, ದೀಪದ್ದು. ಈಗ ನಾನು ಸಿಪ್ಪೆಗಿಂತ ಮೊದಲು ಪಕ್ಕದ ಬಿಳಿ ವಸ್ತು ನೋಡುತ್ತೇನೆ. ಕಾಗದವೋ, ಲೇಬಲ್ಲೋ, ತಟ್ಟೆಯೋ. ಅದು ಬಿಳಿಯಾಗಿ ಕಂಡರೆ ಮಾತ್ರ ಸಿಪ್ಪೆಯ ಬಣ್ಣ ನಂಬುವುದು.

ಎರಡನೆಯದು ಕವರ್. ಪ್ಲಾಸ್ಟಿಕ್ಕಿನ ಒಳಗೆ, ಮೇಲಿನ ಮೂಲೆಯಲ್ಲಿ, ಸಾಸಿವೆ ಕಾಳಿನಷ್ಟು ನೀರಹನಿಗಳಿದ್ದವು. ಬ್ರೆಡ್ ಪೂರ್ತಿ ಆರುವ ಮೊದಲೇ ಕಟ್ಟಿದ್ದಾರೆ ಅಂತ ಅರ್ಥ. ಒಳಗಿನ ಹಬೆ ಹೊರಗೆ ಹೋಗಲು ದಾರಿಯಿಲ್ಲದೆ ಸಿಪ್ಪೆಗೇ ಇಳಿಯುತ್ತದೆ. ಗರಿಗರಿಯಾಗಿ ಇರಬೇಕಾದದ್ದು ಮೆತ್ತಗಾಗಿ ಸುಕ್ಕುಗಟ್ಟುತ್ತದೆ. ಫೋಟೋದಲ್ಲಿ ಮೇಲುಗಡೆ ಸಣ್ಣ ಸುಕ್ಕುಗಳೂ ಇದ್ದವು, ನಾನು ಅವನ್ನು ಬೆರಳಿನ ಗುರುತು ಅಂದುಕೊಂಡಿದ್ದೆ. ಆ ತೇವವೇ ಮಳೆಗಾಲದಲ್ಲಿ ಬೂಷ್ಟಿಗೆ ಬೇಕಾದದ್ದು. ಬಿಸಿಯಲ್ಲೇ ಕಟ್ಟಿದ ತಾಜಾ ಬ್ರೆಡ್ಡೂ ಹೀಗೇ ಕಾಣುತ್ತದೆ. ಹಾಗಾಗಿ ಹನಿ ಕಂಡರೆ ಹಳೆಯದು ಅಂತ ಹೇಳಲಾಗದು. ಬೇಗ ಕೆಡುತ್ತದೆ ಅಂತ ಮಾತ್ರ ಹೇಳಬಹುದು.

ಮೂರನೆಯದು ಕೊಯ್ದ ಮುಖ. ಅವರು ಎರಡು ತುಂಡು ಕೊಯ್ದು ಮುಂದೆ ಒರಗಿಸಿದ್ದರು. ಮುಂದಿನ ತುಂಡು ನೆಟ್ಟಗಿರಲಿಲ್ಲ, ಒಣಗಿದ ಎಲೆಯಂತೆ ಅಂಚು ಸ್ವಲ್ಪ ಒಳಕ್ಕೆ ಬಾಗಿತ್ತು. ತಿರುಳಿನಲ್ಲಿ ಹೊಳಪಿರಲಿಲ್ಲ. ಚೆನ್ನಾಗಿ ಬೆಂದ ಸೋರ್‌ಡೋವನ್ನು ಆಗತಾನೇ ಕೊಯ್ದರೆ ತೂತುಗಳ ಒಳಗೋಡೆ ಸಣ್ಣಗೆ ಮಿನುಗುತ್ತದೆ, ಇಡ್ಲಿ ಮುರಿದಾಗ ಒಳಗೆ ಕಾಣುವ ಹಸಿ ಹೊಳಪಿನಂತೆ. ಅದು ಇಲ್ಲಿ ಸುಣ್ಣದ ಗೋಡೆಯಂತಿತ್ತು. ಮಣೆಯ ಮೇಲೆ ಒಣ ಪುಡಿಯೂ ಚೆಲ್ಲಿತ್ತು. ಕೊಯ್ದು ಕೆಲವು ಗಂಟೆಯಾದರೂ ಆಗಿತ್ತು. ಬೆಳಿಗ್ಗೆ ಆರೂ ನಲವತ್ತಕ್ಕೆ ಬಂದ ಫೋಟೋ ಅದು. ಹಾಗಾದರೆ ಕೊಯ್ದದ್ದು ಯಾವಾಗ?

ಫೋನ್ ಮಾಡಿ ಕೇಳಿದೆ. "ಅಕ್ಕಾ, ಮಂಗಳವಾರ ಸಂಜೆ ಬೇಯಿಸಿದ್ದು, ರಾತ್ರಿ ಪ್ಯಾಕ್ ಮಾಡಿದ್ವಿ" ಅಂದರು. ಲೇಬಲ್‌ನಲ್ಲಿ ಬುಧವಾರದ ತಾರೀಖು ಯಾಕೆ ಅಂದೆ. "ಡೆಲಿವರಿ ದಿನ ಹಾಕ್ತೀವಿ" ಅಂದರು. ನನಗೆ ಬಹಳ ಸಿಟ್ಟು ಬಂತು. ಎಫ್‌ಎಸ್‌ಎಸ್‌ಎಐ ನಿಯಮದ ಪ್ರಕಾರ ಪ್ಯಾಕೆಟ್ ಮೇಲೆ ತಯಾರಿಸಿದ ಅಥವಾ ಪ್ಯಾಕ್ ಮಾಡಿದ ದಿನಾಂಕ ಇರಬೇಕು, ಯಾವ ದಿನದೊಳಗೆ ಬಳಸಬೇಕು ಅನ್ನುವುದೂ ಇರಬೇಕು. ತಲುಪಿಸುವ ದಿನ ಅಂತ ಒಂದು ದಿನಾಂಕ ಅದಕ್ಕೆ ಬದಲಾಗುವುದಿಲ್ಲ. ಎರಡು ವಾರ ತರಿಸುವುದನ್ನೇ ನಿಲ್ಲಿಸಿದೆ. ಬೀದಿ ಕೊನೆಯ ಅಯ್ಯಂಗಾರ್ ಬೇಕರಿಯಿಂದ ಬ್ರೆಡ್ ತಂದೆ. ಅಲ್ಲಿ ಫೋಟೋ ಇಲ್ಲ, ಕಣ್ಣೆದುರೇ ಟ್ರೇ ಬರುತ್ತದೆ, ಮುಟ್ಟಿದರೆ ಕೈಗೆ ಬಿಸಿ ತಿಳಿಯುತ್ತದೆ.

ಮೂರನೇ ವಾರ ಅವರೇ ಫೋನ್ ಮಾಡಿದರು. ಏನು ಬದಲಾಯಿಸಬೇಕು ಹೇಳಿ ಅಕ್ಕಾ ಅಂದರು. ಕಿಟಕಿ ಬೆಳಕಲ್ಲಿ ಫೋಟೋ ತೆಗೀರಿ, ಅದೇ ಬ್ರೆಡ್ಡನ್ನು ಆಗ ಕೊಯ್ದು ಮುಖ ತೋರಿಸಿ, ಲೇಬಲ್ ಓದುವಂತೆ ಇರಲಿ ಅಂದೆ. ಜೊತೆಗೆ ಐದು ಸೆಕೆಂಡಿನ ವಿಡಿಯೋ ಕೇಳಿದೆ. ಹೆಬ್ಬೆರಳಿಂದ ತಿರುಳು ಒತ್ತಿ ಬಿಡಬೇಕು. ತಾಜಾ ಇದ್ದರೆ ಕುಳಿ ಮೆಲ್ಲಗೆ ತುಂಬಿಕೊಳ್ಳುತ್ತದೆ, ಬಿಗಿದಿದ್ದರೆ ಒತ್ತಿದಲ್ಲೇ ಉಳಿಯುತ್ತದೆ ಅಥವಾ ಪುಡಿಯಾಗುತ್ತದೆ. ಇದು ಮನೆಯಂಥ ಸಣ್ಣ ಬೇಕರಿಯ ಬ್ರೆಡ್ಡಿಗೆ ಮಾತ್ರ. ಕಾರ್ಖಾನೆಯ ಬ್ರೆಡ್ಡಿಗೆ ಮೆತ್ತಗೆ ಉಳಿಸುವ ಎನ್‌ಜೈಮ್ ಹಾಕಿರುತ್ತಾರೆ, ಐದನೇ ದಿನವೂ ಸ್ಪಂಜಿನಂತೆ ಏಳುತ್ತದೆ. ಅದಕ್ಕೆ ಲೇಬಲ್ಲೇ ಗತಿ. ಅಲ್ಲಿ ಐಎನ್‌ಎಸ್ 282 ಅಂತ ಇದ್ದರೆ ಅದು ಬೂಷ್ಟು ತಡೆಯಲು ಹಾಕುವ ಕ್ಯಾಲ್ಸಿಯಂ ಪ್ರೊಪಿಯೊನೇಟ್.

ಅವರು ಹೇಳಿದ್ದಷ್ಟನ್ನೂ ಮಾಡಿದರು. ನಾನು ಮತ್ತೆ ತರಿಸುತ್ತಿರುವುದು ಅದಕ್ಕೇ. ಈಗ ಬೆಳಗಿನ ಫೋಟೋದಲ್ಲಿ ಸಿಪ್ಪೆಯ ಮೇಲೆ ಹಪ್ಪಳದ ಗುಳ್ಳೆಯಂಥ ಪುಟ್ಟ ಗುಳ್ಳೆಗಳು ಕಾಣುತ್ತವೆ. ಹಿಟ್ಟು ರಾತ್ರಿಯೆಲ್ಲ ತಣ್ಣಗೆ ಕೂತು ಹುದುಗಿದರೆ ಬರುವ ಗುರುತು ಅದು. ಆದರೆ ಯೀಸ್ಟ್ ಹಾಕಿದ ಹಿಟ್ಟನ್ನು ಹಾಗೆ ಇಟ್ಟರೂ ಗುಳ್ಳೆ ಬರುತ್ತದೆ. ದೊಡ್ಡ ತೂತುಗಳೂ ಅಷ್ಟೇ, ಹಿಟ್ಟಿಗೆ ನೀರು ಜಾಸ್ತಿ ಆದರೆ ಬರುತ್ತವೆ. ಸೋರ್‌ಡೋ ಹೌದೋ ಅಲ್ಲವೋ ಅಂತ ಫೋಟೋದ ತಿರುಳು ನೋಡಿ ತೀರ್ಮಾನಿಸಬೇಡಿ. ಲೇಬಲ್‌ನಲ್ಲಿ ಹಿಟ್ಟು, ನೀರು, ಉಪ್ಪು ಬಿಟ್ಟು ಯೀಸ್ಟ್ ಅಂತಲೂ ಇದೆಯಾ ನೋಡಿ.

ಇನ್ನು ಅವರ ಚಪ್ಪಟೆ ರೊಟ್ಟಿಗಳ ವಿಷಯ. ಇಲ್ಲಿ ನನ್ನ ಮಾತು ಅಷ್ಟು ಮೆತ್ತಗಿಲ್ಲ. ನಮ್ಮ ಯಜಮಾನರು ಧಾರವಾಡದ ಕಡೆಯವರು, ಉಬ್ಬಿಸಿದ ಹಿಟ್ಟು ಅವರ ಹೊಟ್ಟೆಗೆ ಆಗುವುದಿಲ್ಲ. ಬೇಕರಿಯವರು "ಯೀಸ್ಟ್ ಇಲ್ಲದ ಕುಲ್ಚಾ" ಅಂತ ಹಾಕಿದ್ದರು. ಚಪ್ಪಟೆಯಾಗಿತ್ತು, ಚಪಾತಿ ಥರವೇ ಅಂತ ತರಿಸಿದೆ. ಅವತ್ತು ರಾತ್ರಿ ಅವರಿಗೆ ನಿದ್ದೆ ಇಲ್ಲ.

ಚಪ್ಪಟೆ ಇದ್ದ ಮಾತ್ರಕ್ಕೆ ಉಬ್ಬಿಸದ ರೊಟ್ಟಿ ಅಲ್ಲ, ಫೋಟೋದಲ್ಲಿ ನೋಡಬೇಕಾದ್ದು ಹರಿದ ಅಂಚು. ಫುಲ್ಕಾ ಬೆಂಕಿಯ ಮೇಲೆ ಚೆಂಡಿನಂತೆ ಉಬ್ಬುತ್ತದೆ ಅಲ್ವಾ? ಅದು ಬರೀ ಹಬೆ. ಎರಡು ಪದರ ಬೇರೆಯಾಗಿ ನಡುವೆ ಒಂದೇ ಟೊಳ್ಳು, ಪದರಗಳಲ್ಲಿ ತೂತುಗಳ ಜಾಲ ಇರುವುದಿಲ್ಲ. ಕುಲ್ಚಾ, ನಾನ್ ಹರಿದರೆ ಹಿಟ್ಟಿನ ಒಳಗೆಲ್ಲ ಸಣ್ಣ ಸಣ್ಣ ದುಂಡು ತೂತುಗಳು. ಹಿಟ್ಟಿನಲ್ಲೇ ಗಾಳಿ ಹುಟ್ಟಿದೆ ಅಂತ ಅರ್ಥ. ಪೀಟಾ ಎರಡರ ನಡುವಿನದು. ಫುಲ್ಕಾದಂತೆ ಟೊಳ್ಳಿದೆ, ಆದರೆ ದಪ್ಪ ಗೋಡೆಯಲ್ಲಿ ತೂತುಗಳೂ ಇವೆ. ನಮಗೆ ಬಂದ ಕುಲ್ಚಾದಲ್ಲಿ ಯೀಸ್ಟ್ ನಿಜವಾಗಿಯೂ ಇರಲಿಲ್ಲ. ಮೊಸರು ಮತ್ತು ಐಎನ್‌ಎಸ್ 500(ii), ಅಂದರೆ ಅಡುಗೆ ಸೋಡಾ ಇತ್ತು. ಯೀಸ್ಟ್ ಇಲ್ಲ ಅಂದರೆ ಉಬ್ಬಿಸಿಲ್ಲ ಅಂತ ಅಲ್ಲ. ಇದನ್ನು ಪಟ್ಟಿಯಲ್ಲಿ ಸರಿಯಾಗಿ ಬರೆಯಿರಿ ಅಂತ ನಾಲ್ಕು ಸಲ ಹೇಳಿದ್ದೇನೆ, ಇನ್ನೂ ಬದಲಾಗಿಲ್ಲ.

ಅವರ ಜೋಳದ ರೊಟ್ಟಿ ಮಾತ್ರ ಚೆನ್ನ. ಖಡಕ್ ರೊಟ್ಟಿ, ಹತ್ತರ ಕಟ್ಟು. ಅದಕ್ಕೂ ಫೋಟೋದಲ್ಲಿ ಒಂದು ಗುರುತು ಕಂಡುಕೊಂಡಿದ್ದೇನೆ. ಗರಿಗರಿ ಇರುವ ರೊಟ್ಟಿ ಒಂದೊಂದೂ ಒಂದೊಂದು ಕಡೆ ಬಾಗಿರುತ್ತದೆ, ಕಟ್ಟಿನಲ್ಲಿ ನಡುನಡುವೆ ಸಂದು ಕಾಣುತ್ತದೆ. ತೇವ ಎಳೆದುಕೊಂಡರೆ ಎಲ್ಲ ಒಂದರ ಮೇಲೊಂದು ಅಂಟಿ ಚಪ್ಪಟೆಯಾಗಿ ಕೂರುತ್ತವೆ. ಯಜಮಾನರು ಫೋಟೋದಲ್ಲಿ ಸಂದು ಎಣಿಸಿಯೇ ಹೂಂ ಅನ್ನುವುದು.

ವಾಸನೆ ಮಾತ್ರ ಯಾವ ಫೋಟೋದಲ್ಲೂ ಬರುವುದಿಲ್ಲ. ಏಪ್ರಿಲ್ ಸೆಕೆಯಲ್ಲಿ ಒಮ್ಮೆ ನೋಡಲು ಚೆನ್ನಾಗಿದ್ದ ಬ್ರೆಡ್ ಕೊಯ್ದರೆ ಕೊಳೆತ ಹಣ್ಣಿನ ವಾಸನೆ, ತಿರುಳಿನ ನಡುವೆ ಅಂಟಂಟು, ಎಳೆದರೆ ದಾರದಂತೆ ಬಂತು. ರೋಪ್ ಅನ್ನುತ್ತಾರೆ. ಹಿಟ್ಟಿನಲ್ಲಿರುವ ಒಂದು ಬ್ಯಾಕ್ಟೀರಿಯಾದ ಬೀಜಕಣಗಳು ಒಲೆಯ ಬಿಸಿಗೂ ಸಾಯದೆ ಉಳಿದು, ಸೆಕೆಯಲ್ಲಿ ಬೆಳೆಯುತ್ತವೆ. ದುಡ್ಡು ವಾಪಸ್ ಕೊಟ್ಟರು, ಆ ಹಿಟ್ಟಿನ ಚೀಲವನ್ನೇ ಎಸೆದೆವು ಅಂದರು.

ನಮ್ಮ ಲೆಕ್ಕಕ್ಕೆ ಐದರಲ್ಲಿ ಮೂರೂವರೆ. ಬುಧವಾರ ರೊಟ್ಟಿ, ಶನಿವಾರ ಒಂದು ಬ್ರೆಡ್, ಕುಲ್ಚಾ ಬೇಡ. ಬನ್ನು ಈಗಲೂ ಅಯ್ಯಂಗಾರ್ ಬೇಕರಿಯದ್ದೇ. ನಾಳೆ ಶನಿವಾರ. ಅತ್ತೆ ಈಗಲೇ ಕೇಳಿದರು, "ಹೆಬ್ಬೆರಳು ಒತ್ತಿ ತೋರಿಸ್ತಾಳೆ ತಾನೇ?"