ಹಳೇ ವೆಲ್ಡಿಂಗ್ ಸೆಟ್ಟನ್ನು 16 ಆಂಪ್ ಸಾಕೆಟ್‌ಗೆ ಹಾಕೋ ಮುಂಚೆ ಇದನ್ನು ಓದಿ

ಗೇಟು, ಗ್ರಿಲ್ ಕೆಲಸಕ್ಕೆ ಅಂತ ಸೆಕೆಂಡ್ ಹ್ಯಾಂಡ್ ಟ್ರಾನ್ಸ್‌ಫಾರ್ಮರ್ ಸೆಟ್ ಒಂದನ್ನು ತಂದೆವು. ಮಾರಿದವನು "ಸಿಂಗಲ್ ಫೇಸ್ ಸಾರ್, 16 ಆಂಪ್ ಪಾಯಿಂಟ್ ಸಾಕು" ಅಂದ. ಎಂಸಿಬಿ ಪದೇ ಪದೇ ಬೀಳ್ತಿತ್ತು. ಎಲೆಕ್ಟ್ರಿಷಿಯನ್ ಅದನ್ನು ತೆಗೆದು 32 ಆಂಪ್‌ದು ಹಾಕಿಕೊಟ್ಟ, ವೈರ್ ಮಾತ್ರ ಅದೇ 2.5 ಸ್ಕ್ವೇರ್. ಇನ್ನು ಎಂಸಿಬಿ ಬೀಳಲಿಲ್ಲ, ವೈರ್ ಬೆಂದಿತು. ಪ್ಲಗ್ ಕಿತ್ತಾಗ ಪಿನ್ ನೀಲಿಯಾಗಿತ್ತು, ಸಾಕೆಟ್‌ನ ಪ್ಲಾಸ್ಟಿಕ್ ಕರಗಿ ಅದಕ್ಕೆ ಅಂಟಿಕೊಂಡಿತ್ತು.

ಅಷ್ಟರಲ್ಲಿ ಪಕ್ಕದ ಮನೆ ಅಜ್ಜಿ ಬಂದು, "ಏನಪ್ಪಾ, ನೀನು ರಾಡ್ ಹಚ್ಚಿದ್ರೆ ನಮ್ಮನೆ ಲೈಟೇ ಮಂಕಾಗುತ್ತಲ್ಲ" ಅಂದರು. ದಪ್ಪ ಕೇಬಲ್ ಎಳೆದರೆ ಎರಡೂ ಸರಿಹೋಗುತ್ತೆ ಅಂತ ಎಲ್ಲರೂ ಹೇಳ್ತಾರೆ. ಹೋಗಲ್ಲ.

ಲೆಕ್ಕ ನೋಡಿ. ಗ್ರಿಲ್ ಕೆಲಸದ ದೊಡ್ಡ ರಾಡಿಗೆ ಸುಮಾರು 120 ಆಂಪ್ ಬೇಕು. ಇಂಥ ಸೆಟ್‌ನಲ್ಲಿ ಆರ್ಕ್ ಇಲ್ಲದಾಗ ಹೋಲ್ಡರ್‌ನಲ್ಲಿ ಸುಮಾರು 70 ವೋಲ್ಟ್ ಇರುತ್ತೆ. 120ನ್ನು 70ರಿಂದ ಗುಣಿಸಿ 230ರಿಂದ ಭಾಗಿಸಿದರೆ ಸುಮಾರು 36 ಆಂಪ್. ಲೈನಿಂದ ಸೆಟ್ ಎಳೆಯೋದು ಅಷ್ಟು. ರಾಡ್ ಅಂಟಿಕೊಂಡರೆ ಇನ್ನೂ ಜಾಸ್ತಿ.

ವೆಲ್ಡ್ ಮಾಡಿಸುತ್ತಾ ಮಲ್ಟಿಮೀಟರ್ ಹಿಡಿದೆ. ಕರೆಂಟ್ ಮೀಟರ್ ಹತ್ತಿರ 226 ಇದ್ದದ್ದು 207ಕ್ಕೆ ಬಿತ್ತು. 25 ಮೀಟರ್ ಆಚೆ, ಸೆಟ್ ಹತ್ತಿರ 194. ಅಂದ್ರೆ ನಮ್ಮ ವೈರ್ ತಿಂದದ್ದು 13 ವೋಲ್ಟ್. 6 ಸ್ಕ್ವೇರ್ ತಾಮ್ರದ ಕೇಬಲ್ ಹಾಕಿ, ಪ್ಲಗ್ ಬದಲು ಲೋಹದ ಇಂಡಸ್ಟ್ರಿಯಲ್ ಸಾಕೆಟ್ ಕೂರಿಸಿದ ಮೇಲೆ ಅದು ಐದಾರಕ್ಕೆ ಇಳಿಯಿತು, ಬಿಸಿಯೂ ನಿಂತಿತು. ಆದರೆ ಮೀಟರ್ ಹತ್ತಿರದ 19 ವೋಲ್ಟ್ ಹಾಗೇ ಉಳಿಯಿತು. ಅದರಲ್ಲಿ ಬಹುಪಾಲು ಬೀಳೋದು ಬೀದಿಯ ಟ್ರಾನ್ಸ್‌ಫಾರ್ಮರ್‌ನಿಂದ ನಮ್ಮ ಕಂಬದವರೆಗಿನ ತಂತಿಯಲ್ಲಿ. ಅಜ್ಜಿ ಮನೆಗೂ ಅದೇ ಕಂಬ, ಅದೇ ಫೇಸ್. ನಾವು ಶೆಡ್ಡಿನೊಳಗೆ ಎಷ್ಟೇ ದಪ್ಪ ಕೇಬಲ್ ಎಳೆದರೂ ಆ ತಂತಿಗೆ ಏನೂ ಆಗಲ್ಲ ಅಲ್ವಾ?

ಅದಕ್ಕಿರುವ ದಾರಿ ಎಂದರೆ ಲೈನಿಂದ ಎಳೆಯೋದನ್ನೇ ಕಮ್ಮಿ ಮಾಡೋದು. ಸೆಟ್‌ನ ಮುಚ್ಚಳ ತೆಗೆದರೆ 415 ವೋಲ್ಟ್‌ನ ಟರ್ಮಿನಲ್ ಕೂಡ ಇತ್ತು, ಮಾರಿದವನು ಹೇಳಿರಲೇ ಇಲ್ಲ. ಲೋಡ್ ಮಂಜೂರು ಮಾಡಿಸಿ, ತ್ರೀ ಫೇಸ್ ತಗೊಂಡು, ಎರಡು ಫೇಸಿಗೆ ಜೋಡಿಸಿದರೆ 36ರ ಜಾಗದಲ್ಲಿ ಸುಮಾರು 20 ಆಂಪ್. ನ್ಯೂಟ್ರಲ್‌ನಲ್ಲಿ ವೆಲ್ಡಿಂಗ್ ಕರೆಂಟ್ ಹರಿಯೋದೇ ಇಲ್ಲ. ತ್ರೀ ಫೇಸ್ ಸಿಗದವರು ಇನ್ವರ್ಟರ್ ಸೆಟ್ ನೋಡಿ. ಅದೇ ಕೆಲಸಕ್ಕೆ ಅದು 20ರಿಂದ 25 ಆಂಪ್‌ನಲ್ಲಿ ಮುಗಿಸುತ್ತೆ. ಅದಕ್ಕೂ ಪ್ರತ್ಯೇಕ ಕೇಬಲ್ ಬೇಕು, ಮನೆಯ 16 ಆಂಪ್ ಪಾಯಿಂಟ್ ಸಾಲಲ್ಲ.

ಸಿಂಗಲ್ ಫೇಸಲ್ಲೇ ವೆಲ್ಡ್ ಮಾಡುವವರು ಬೀದಿಯಲ್ಲಿ ಒಂದು ವಿಷಯ ವಿಚಾರಿಸಿ. ನೀವು ರಾಡ್ ಹಚ್ಚಿದಾಗ ಯಾರ ಮನೆಯಲ್ಲಾದರೂ ಲೈಟ್ ಮಂಕಾಗುವ ಬದಲು ಎದ್ದು ಕಾಣುವಷ್ಟು ಜೋರಾಗಿ ಉರಿಯುತ್ತಾ? ಹಾಗಿದ್ದರೆ ಕಂಬದಲ್ಲಿ ನ್ಯೂಟ್ರಲ್ ಜಾಯಿಂಟ್ ಸಡಿಲ ಆಗಿರುವ ಸಾಧ್ಯತೆ ಜಾಸ್ತಿ. ಅದು ಪೂರ್ತಿ ಬಿಟ್ಟರೆ ಬೇರೆ ಫೇಸಿನ ಮನೆಗಳ ಟಿವಿ, ಫ್ರಿಜ್ ಸುಟ್ಟುಹೋಗಬಹುದು. ಆಗ ವೆಲ್ಡಿಂಗ್ ನಿಲ್ಲಿಸಿ, ಮೊದಲು ಲೈನ್‌ಮನ್‌ನ ಕರೆಸಿ.